ಕೀಲಿ ಇದ್ದದ್ದು ತಾಯಿಯ ಸೊಂಟದಲ್ಲಿ

ನಾನೂ ನನ್ನ ಗೆಳೆಯನೂ ಸೇರಿ ಒಂದು ಚೀನೀ ಕಾದಂಬರಿಯನ್ನು ಕನ್ನಡಕ್ಕೆ ತಂದೆವು. ಅದರ ಒಂದು ವಾಕ್ಯದಲ್ಲಿ ಇದ್ದದ್ದು ಇಷ್ಟೆ: ಮನೆಯೊಳಗೆ ಕೂಡಿಹಾಕಿ ಗದ್ದೆಗೆ ಹೋದದ್ದು. ಯಾರು, ಯಾರನ್ನು ಎಂದಿಲ್ಲ. ಚೀನೀ ಓದುಗನಿಗೆ ಅಷ್ಟು ಸಾಕು. ಕನ್ನಡದಲ್ಲಿ ಹೋದನೋ ಹೋದಳೋ ಹೇಳಲೇಬೇಕು. ಮಿಜಾರಿನಲ್ಲಿದ್ದ ಅವನ ಕೋಣೆಯಲ್ಲಿ ಕುಳಿತು ಹಿಂದಿನ ಪುಟ ತಿರುವಿದೆವು. ತಂದೆ ಊರಲ್ಲಿಲ್ಲ, ಕೀಲಿ ತಾಯಿಯ ಸೊಂಟದಲ್ಲಿದೆ. ಮುಂದಿನ ವಾಕ್ಯದಲ್ಲಿ ಮಗಳು ಒಳಗಿನಿಂದ ಬಾಗಿಲು ಬಡಿಯುತ್ತಾಳೆ. 'ತಾಯಿ ಮಗಳನ್ನು ಕೂಡಿಹಾಕಿ ಗದ್ದೆಗೆ ಹೋದಳು' ಎಂದು ಬರೆದೆ. "ಇದೇ ಸರಿ" ಎಂದ ಅವನು. ಕೊನೆಯ ಕರಡು ನೋಡಿ ಅಚ್ಚಿಗೆ ಕೊಟ್ಟದ್ದೂ ಅವನೇ.

ಅಚ್ಚಾಗಿ ಬಂದ ಪುಸ್ತಕದಲ್ಲಿ, ಊರಲ್ಲೇ ಇಲ್ಲದ ತಂದೆ ಬಂದು ಮಗಳನ್ನು ಕೂಡಿಹಾಕಿದ್ದ. ಮುಖಪುಟದಲ್ಲಿ ನನ್ನ ಹೆಸರೂ ಇತ್ತು.

ಮೈ ಉರಿಯಿತು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಅವನ ಮುಂದೆ ಆ ಪುಟ ಬಿಡಿಸಿಟ್ಟೆ.

"ತಾಯಿ ಹಾಗೆ ಮಾಡಿದ್ರೆ ಓದುವವರಿಗೆ ಬೇಜಾರಾಗ್ತದೆ ಮಾರಾಯ."

"ಬದಲಾಯಿಸಿದ್ದು ಯಾರು?"

"ಕೊನೆಗೆ ಹಾಗೆ ಆಯ್ತು," ಎನ್ನುತ್ತ ಬನ್ಸ್ ಮುರಿದ.

ಚೀನೀ ವಾಕ್ಯದಲ್ಲಿ ಕಾಣದವರನ್ನು ಹುಡುಕಲು ಹಿಂದಿನ ಪುಟವಾದರೂ ಇತ್ತು. ಇಲ್ಲಿ ಮಾಡಿದವನು ನನ್ನೆದುರಿಗೇ ಕುಳಿತಿದ್ದ. ಅವನ ಮಾತಿನಲ್ಲಿ ಮಾತ್ರ ಇರಲಿಲ್ಲ.