ಅವಧಿಗೆ ಮೊದಲೇ ಬದಲಿಸಿದ ಆಯಿಲ್

ಗಂಡನ ಕಾಲು ಮುರಿದಾಗ ನಮ್ಮ ಡೀಸೆಲ್ ಮೂರು ಗಾಲಿಯ ಗೂಡ್ಸ್ ಗಾಡಿಯನ್ನು ನಾನೇ ಓಡಿಸತೊಡಗಿದೆ. ದಿನವಿಡೀ ಸಿಮೆಂಟ್ ಚೀಲ ಹೇರಿಕೊಂಡು ಅಣ್ಣಿಗೇರಿಯ ಪೇಟೆಯಲ್ಲಿ ನಿಲ್ಲುತ್ತ, ಹೊರಡುತ್ತ ಸಾಗಬೇಕಿತ್ತು. ಕೆಲವು ವಾರಗಳಲ್ಲಿ ಇಂಜಿನ್ನಿನ ಸದ್ದು ಒರಟಾಯಿತು. ಗ್ಯಾರೇಜಿನ ಮೇಸ್ತ್ರಿ ಆಯಿಲ್ ಅಳೆಯುವ ಕಡ್ಡಿ ಎಳೆದು ತೋರಿಸಿದರು. ಆಯಿಲ್ ಕರ್ರಗಾಗಿ, ಕೆಳಗಿನ ಗೆರೆಗಿಂತಲೂ ಇಳಿದಿತ್ತು.

“ಡೀಸೆಲ್ ಗಾಡಿಯಾಗ ಆಯಿಲ್ ಕರ್ರಗಾಗೂದು ಇದ್ದದ್ದರಿ ಅಕ್ಕಾರ. ಆದ್ರ ಇದರ ಕಸುವು ಹೋಗೇತಿ. ಕಿಲೋಮೀಟರ್ ಕಡಿಮಿ ಇದ್ರೂ ಇಂಜಿನ್ ದಿನಪೂರ್ತಿ ದುಡದೈತ್ರಿ.”

ಮನೆಗೆ ಬಂದು, ಆಯಿಲ್ ಬದಲಿಸಬೇಕು ಎಂದು ಹೇಳಿದರೆ ಗಂಡ ಒಪ್ಪಲಿಲ್ಲ. “ಬದಲಿಸೂ ಕಿಲೋಮೀಟರ್ ಇನ್ನೂ ಆಗಿಲ್ಲ. ಒಂದೀಟು ಮ್ಯಾಲೆ ಹಾಕಿ ಓಡಸು.”

ನಾನು ಗಾಡಿಯ ಪುಸ್ತಕ ತಂದು ಓದಿ ಹೇಳಿದೆ. ಭಾರ ಹೆಚ್ಚಿದ್ದು, ನಿಂತು ನಿಂತು ಓಡಿಸುವುದಾದರೆ ಆಯಿಲನ್ನು ಬೇಗನೆ ಬದಲಿಸಬೇಕೆಂದು ಅದರಲ್ಲೇ ಬರೆದಿತ್ತು.

“ಈಗ ಓಡಸಾಕಿ ನಾನು. ಬದಲಿಸಾಕಿನೂ ನಾನ,” ಎಂದೆ.

ಮರುದಿನ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಡೀಸೆಲ್ ಆಯಿಲನ್ನೇ ಹೊಸ ಫಿಲ್ಟರಿನೊಂದಿಗೆ ಹಾಕಿಸಿದೆ. ಸದ್ದು ತಗ್ಗಿತು. ಅಂದಿನಿಂದ ದಿನಾ ಬೆಳಿಗ್ಗೆ, ಗಾಡಿ ಚಾಲು ಮಾಡುವ ಮೊದಲೇ, ಸಮನಾದ ನೆಲದಲ್ಲಿ ಕಡ್ಡಿ ತೆಗೆದು ನೋಡುತ್ತಿದ್ದೆ.

ಕಾಲು ವಾಸಿಯಾಗಿ ಗಂಡ ಮತ್ತೆ ಗಾಡಿ ಹತ್ತಿದಾಗ ಮೊದಲು ಕೇಳಿದ್ದು ಒಂದೇ: “ಮುಂದ ಆಯಿಲ್ ಯಾವಾಗ ಬದಲಿಸೂದು, ಹೇಳು.”