ಬೆಲ್ಲದ ಕಾಫಿ ಲೆಕ್ಕಕ್ಕಿಲ್ಲ

ಕೊಡಗಿನ ಸುಂಟಿಕೊಪ್ಪದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಯಾರಿಗೆ ಯಾವ ಮಾತ್ರೆ ಆಗದು ಎಂದು ಊರಿಗೆಲ್ಲ ಹೇಳುವುದೇ ನನ್ನ ಕೆಲಸ. ಮನೆಯವರು ಮಾತ್ರ ನನ್ನನ್ನು ಕೇಳುವುದಿಲ್ಲ. ತಂಗಿಯೂ ಕೇಳಲಿಲ್ಲ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಸುರಾಗಿದ್ದಳು, ಐದನೇ ತಿಂಗಳು. ಜೊತೆಗೆ ಶಿಕ್ಷಕಿಯಾಗಲು ಪರೀಕ್ಷೆಗೂ ಓದುತ್ತಿದ್ದಳು.

ಒಂದು ಮಧ್ಯಾಹ್ನ ಬಂದು ಕೌಂಟರ್ ಮೇಲೆ ಡಬ್ಬಿಯೊಂದನ್ನು ಇಟ್ಟಳು. "ಅಕ್ಕ, ಆನ್‌ಲೈನಲ್ಲಿ ತರ್ಸಿದ್ದು. ಖಾಲಿ ಆಗ್ತಾ ಬಂತು, ನಿನ್ ಹತ್ರ ಸಿಗುತ್ತಾ? ಇದ್ ತಗೊಂಡ್ ಕೂತ್ರೆ ಓದಿದ್ದೆಲ್ಲ ತಲೆಗೆ ಹೋಗುತ್ತೆ."

ಒಂದು ಕ್ಯಾಪ್ಸೂಲಿನಲ್ಲಿ ಎಲ್-ಥಿಯನೈನ್ ಇನ್ನೂರು ಮಿಲಿಗ್ರಾಂ, ಕೆಫೀನ್ ನೂರು. ಏಕಾಗ್ರತೆಗೆಂದು ಜನ ಸಾಮಾನ್ಯವಾಗಿ ತೆಗೆದುಕೊಳ್ಳುವ ಪ್ರಮಾಣವೇ. ಥಿಯನೈನ್ ಚಹಾ ಎಲೆಯಲ್ಲಿರುವಂಥದ್ದು; ಕೆಫೀನಿನ ಚಡಪಡಿಕೆಯನ್ನು ಕೊಂಚ ತಗ್ಗಿಸಬಹುದು, ಮೈಯೊಳಗಿನ ಕೆಫೀನನ್ನಲ್ಲ. ಬಿ.ಪಿ. ಇರುವವರು, ಎದೆಬಡಿತ ಏರುಪೇರಾಗುವವರು, ನಿದ್ದೆ ಬಾರದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಬಸುರಿಯರಂತೂ ಮುಟ್ಟಲೇಬಾರದು.

"ದಿನಕ್ಕೆಷ್ಟು ನುಂಗ್ತೀಯ?"

"ಎರಡು."

"ಕಾಫಿ?"

"ಕಾಫಿ ಬಿಟ್ಟೇಬಿಟ್ಟಿದ್ದೀನಿ ಕಣೆ. ಅತ್ತೆ ಕೊಡೋ ಬೆಲ್ಲದ ಕಾಫಿ ಅಷ್ಟೇ."

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಕಡೆ ಹಾಲು ಹಾಕಿದರೆ ಮಾತ್ರ ಅದು ಕಾಫಿ. ಮನೆಯಲ್ಲೇ ಹುರಿದು ಪುಡಿಮಾಡಿದ ರೊಬಸ್ಟಾ ಕಾಫಿಬೀಜಕ್ಕೆ ಬೆಲ್ಲ ಹಾಕಿ ಕುದಿಸಿದರೆ ಅದು ಕಷಾಯ, ಮೈಗೆ ಒಳ್ಳೆಯದು! ರೊಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ಬಸುರಿಗೆ ದಿನಕ್ಕೆ ಎಲ್ಲ ಸೇರಿ ಇನ್ನೂರು ಮಿಲಿಗ್ರಾಂ ದಾಟಬಾರದು ಎನ್ನುತ್ತಾರೆ. ಇವಳದು ಕ್ಯಾಪ್ಸೂಲಿನಲ್ಲೇ ಅಷ್ಟಾಗಿತ್ತು. ಬಸಿರಿನಲ್ಲಿ ಕೆಫೀನ್ ಮೈಯಿಂದ ಹೊರಹೋಗುವುದೂ ನಿಧಾನ, ಮಗುವಿಗೂ ತಲುಪುತ್ತದೆ.

ಬೈದೆ. ಗಿರಾಕಿಗಳ ಎದುರೇ ಬೈದೆ. ಅವಳ ಮುಖ ಬಿಳಿಚಿಕೊಂಡಿತು. ಶಟರ್ ಎಳೆದು ಹೆರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರ್ ಬೈಯಲಿಲ್ಲ. ಮಗುವಿನ ಎದೆಬಡಿತ ಕೇಳಿಸಿದರು, ಸ್ಕ್ಯಾನ್ ನೋಡಿದರು. "ಈಗ ಎಲ್ಲ ಸರಿಯಾಗೇ ಕಾಣ್ತಿದೆ. ಕ್ಯಾಪ್ಸೂಲ್ ಇವತ್ತೇ ನಿಲ್ಸಿ, ಕಾಫಿನೂ ಕಮ್ಮಿ ಮಾಡಿ. ಮಗು ಬೆಳವಣಿಗೆ ನೋಡ್ತಾ ಇರೋಣ. ಥಿಯನೈನ್ ಬಗ್ಗೆ ಬಸುರಿಯರಲ್ಲಿ ಸಾಕಷ್ಟು ಮಾಹಿತಿನೇ ಇಲ್ಲಮ್ಮ, ನಾನೇನೂ ಖಾತ್ರಿ ಕೊಡಕ್ಕಾಗಲ್ಲ."

ಹೊರಗೆ ಬೆಂಚಿನ ಮೇಲೆ ಕೂತು ತಂಗಿ ನನ್ನ ಕೈ ಹಿಡಿದುಕೊಂಡಳು. ಪರೀಕ್ಷೆಯ ಮಾತೇ ಎತ್ತಲಿಲ್ಲ.

"ಡಾಕ್ಟ್ರು ಹಂಗೇ ಹೇಳ್ತಾರೆ. ನೀನ್ ಹೇಳಕ್ಕ, ಪಾಪುಗೆ ಏನೂ ಆಗಿಲ್ಲ ತಾನೆ?"

ಊರಿಗೆಲ್ಲ ಹೇಳುವ ಬಾಯಿ ನನ್ನದು. ಸುಳ್ಳಾದರೂ ಹೇಳಿಬಿಡೋಣ ಎನ್ನಿಸಿತು. ಅವಳು ಮೊದಲ ಸಲ ನನ್ನನ್ನು ಕೇಳುತ್ತಿದ್ದಳು, ಉತ್ತರ ನನಗೂ ಗೊತ್ತಿರಲಿಲ್ಲ.