ಪಂಚಮಿ ತನಕ ಅಂದರೆ ಯಾವತ್ತಿನ ತನಕ?

ಗಜೇಂದ್ರಗಡದಲ್ಲಿ ನಮ್ಮ ಸೋದರಮಾವನದು ಕೈಮಗ್ಗದ ಸೀರೆಯ ಅಂಗಡಿ. ಯಾವಗಲ್ಲು ಎಂಬ ಹಳ್ಳಿಯಿಂದ ಬಂದು ಅವರ ಮನೆಯಲ್ಲಿದ್ದ ನಾನು ಕನ್ನಡ ಬಿ.ಎ. ಮುಗಿಸಿದವಳು, ಸುಮ್ಮನೆ ಕೂತು ಗೊತ್ತಿಲ್ಲದವಳು. ಆಗಷ್ಟೇ ಊರಿಗೆ ಇಂಟರ್ನೆಟ್ ಬಂದು ನೆಲೆಯೂರಿತ್ತು. ಬೆನ್ನು ಹತ್ತಿ ಮಾಮಾನನ್ನು ಒಪ್ಪಿಸಿ, ಅಂಗಡಿಗೊಂದು ವೆಬ್‌ಸೈಟ್ ಮಾಡಿಸಿದೆ. ಮಾಡಿಕೊಟ್ಟವರು ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯ ಮಾಲೀಕರು. ಅವರ ಅಪ್ಪ, ಅಜ್ಜ ಎಲ್ಲ ನೇಕಾರರು, ಸೀರೆಯ ಸೆರಗು ಎಲ್ಲಿ ಚೆಂದ ಕಾಣುತ್ತದೆ ಎಂದು ಫೋಟೋ ತೆಗೆಯುವಾಗ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾಲ್ಕು ತಿಂಗಳಲ್ಲಿ ಮೂರು ಸೀರೆ ಹೋದವು. ಮಾಮಾ ಕಡ್ಡಿ ಮುರಿದಂತೆ ಹೇಳಿದರು: "ನಾಗರ ಪಂಚಮಿಗೆ ಇಪ್ಪತ್ತ ಸೀರಿ ಹೋಗಲಿಲ್ಲಂದ್ರ ಬಂದ್ ಮಾಡೂದವಾ. ಆಮ್ಯಾಲ ನನ್ನ ಮುಂದ ಕಂಪ್ಯೂಟರ್ ಸುದ್ದಿ ತಗೀಬ್ಯಾಡ."

ಹಬ್ಬದ ವಾರಕ್ಕೆ ಮುಖಪುಟದ ಮೇಲೆ ದೊಡ್ಡದೊಂದು ಬ್ಯಾನರ್ ಹಾಕಬೇಕಿತ್ತು. ಅದರ ಮಾತುಗಳನ್ನು ಮಾಮಾನೇ ಬರೆಸಿದರು: "ಪವಿತ್ರ ಶ್ರಾವಣ ಮಾಸದ ಶುಭ ಸಂದರ್ಭದಲ್ಲಿ ಸಮಸ್ತ ಗ್ರಾಹಕ ಬಾಂಧವರಿಗೆ ಹಾರ್ದಿಕ ಶುಭಾಶಯಗಳು." ಕೆಳಗೆ ಸಣ್ಣಕ್ಷರದಲ್ಲಿ "ವಿಶೇಷ ಕೊಡುಗೆ, ಪಂಚಮಿ ತನಕ ಮಾತ್ರ." ಮದುವೆಯ ಕರೆಯೋಲೆಯೇ ಸೈ! ಕೆಫೆಯವರು ನಕ್ಕರು: "ಇಷ್ಟ ಅಕ್ಷರ ಹಾಕಿದ್ರ ಓದಾಕ ದುರ್ಬೀನ ಬೇಕ್ರಿ." ಆದರೂ ಹಾಕಿದರು. ಹೊರಗಿನವರ ಕಂಪ್ಯೂಟರಿನಲ್ಲಿ ನಮ್ಮ ಕನ್ನಡ ಬರೀ ಚೌಕಗಳಾಗಿ ಕಾಣುತ್ತಿತ್ತು, ಅದಕ್ಕೆ ಅಕ್ಷರಗಳನ್ನು ಚಿತ್ರವಾಗಿ ಮಾಡಿ ಏರಿಸಬೇಕಿತ್ತು.

ಎರಡು ದಿನ ಒಂದೂ ಆರ್ಡರ್ ಇಲ್ಲ. ಮೂರನೆಯ ದಿನ ಪುಣೆಯಿಂದ ಒಬ್ಬ ಹೆಣ್ಣುಮಗಳ ಫೋನು. ಮೂಲತಃ ನಮ್ಮ ರೋಣದ ಕಡೆಯವರು.

"ಅಕ್ಕಾರ, ವಿಶೇಷ ಕೊಡುಗೆ ಅಂತ ಬರದೀರಿ, ಏನ ಕೊಡ್ತೀರಿ?"

"ಸೀರಿಗೊಂದು ಕುಪ್ಪಸದ ಖಣ ಪುಕ್ಕಟೆ ರೀ."

"ಅದನ್ನ ಬರೀಬೇಕಿಲ್ಲೋ? ಮತ್ತ ಪಂಚಮಿ ತನಕ ಅಂದ್ರ ಯಾವತ್ತಿನ ತನಕ? ರೊಟ್ಟಿ ಹಬ್ಬಕೋ, ಹಾಲೆರಿಯೂ ದಿನಕೋ?"

ಪಂಚಮಿ ನಮ್ಮ ಕಡೆ ಒಂದೇ ದಿನದ ಹಬ್ಬವಲ್ಲ: ಮೊದಲು ರೊಟ್ಟಿ ಹಬ್ಬ, ಆಮೇಲೆ ನಾಗಪ್ಪನಿಗೆ ಹಾಲೆರೆಯುವ ದಿನ. ಫೋನಿಟ್ಟು ಮಾಮಾನನ್ನು ಕೇಳಿದರೆ ರೊಟ್ಟಿ ಹಬ್ಬ ಎಂದರು. ಅತ್ತೆ ಒಳಗಿನಿಂದಲೇ "ಹಾಲೆರದ ಮ್ಯಾಲೂ ಪಂಚಮೀನ" ಎಂದರು. ಒಂದೇ ಮನೆಯಲ್ಲಿ ಎರಡು ಗಡುವು! ಅದೂ ಸಾಲದೆ, ಹಬ್ಬದ ದಿನ ಆರ್ಡರ್ ಮಾಡಿದ ಸೀರೆಯನ್ನು ಉಡುವುದು ಯಾವಾಗ? ನಮಗೇ ಗೊತ್ತಿಲ್ಲದ್ದನ್ನು ಊರಿಗೆಲ್ಲ ಸಾರಿದ್ದೆವು. ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು ನನಗೆ.

ನೇರ ಕೊರಿಯರ್ ಆಫೀಸಿಗೆ ಹೋದೆ. ಪಾರ್ಸೆಲ್ ಚೀಲ ಸಂಜೆ ಏಳಕ್ಕೆ ಗದಗಕ್ಕೆ ಹೊರಡುತ್ತದೆ, ಪುಣೆ, ಮುಂಬೈ, ಬೆಂಗಳೂರಿಗೆ ಎರಡು ದಿನ ಸಾಕು ಎಂದರು. ರೊಟ್ಟಿ ಹಬ್ಬ ಸೋಮವಾರ. ಒಂದು ದಿನ ಕೈಯಲ್ಲಿಟ್ಟುಕೊಂಡು ಹಿಂದಕ್ಕೆ ಎಣಿಸಿದೆ. ಗುರುವಾರ. ಕಟ್ಟಲು ಒಂದು ಗಂಟೆ ಬೇಕು, ಅಂದರೆ ಸಂಜೆ ಆರು. ಕೆಫೆಗೆ ಹೋಗಿ ಬರೆದುಕೊಟ್ಟೆ:

ಪಂಚಮಿಗೆ ತವರಿನ ಸೀರೆ: ಪ್ರತಿ ಸೀರೆಗೂ ಒಂದು ಖಣ ಉಚಿತ

ಗುರುವಾರ ಸಂಜೆ 6ರೊಳಗೆ ಆರ್ಡರ್ ಮಾಡಿ, ಪುಣೆ, ಮುಂಬೈ, ಬೆಂಗಳೂರಿಗೆ ರೊಟ್ಟಿ ಹಬ್ಬಕ್ಕೆ ಮೊದಲೇ ತಲುಪುತ್ತದೆ

ಗುರುವಾರದ ಮುಂದೆ ತಾರೀಖನ್ನೂ ಹಾಕಿಸಿದೆ. ಮಾಮಾ ಓದಿ ಮುಖ ಸಿಂಡರಿಸಿದರು. "ಶುಭಾಶಯ ಎಲ್ಲಿ ಹೋತು? ಇದೇನ ಬಸ್ಸಿನ ಟೈಮ್ ಟೇಬಲ್ ಏನ?"

"ಹೌದ ಮಾಮಾ. ಟೈಮ್ ಗೊತ್ತಿದ್ರನ ಮಂದಿ ಬಸ್ಸಿಗೆ ಬರ್ತಾರ" ಎಂದೆ.

ಮೊದಲ ಆರ್ಡರ್ ಆ ಪುಣೆಯವರದೇ. ಮರುದಿನ ಐದು. ಬುಧವಾರದ ಹೊತ್ತಿಗೆ ಒಟ್ಟು ಹದಿನಾಲ್ಕು. ಗುರುವಾರ ಮಧ್ಯಾಹ್ನ ಇಪ್ಪತ್ತನೆಯದು ಬಂದಾಗ ಕೆಫೆಯವರು ಕುರ್ಚಿಯಿಂದೆದ್ದು ರಸ್ತೆ ದಾಟಿ ಓಡಿಬಂದು ಹೇಳಿದರು. ನಾನು ಅಂಗಡಿಯಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ, ಸೀರೆ ನೋಡುತ್ತಿದ್ದ ಪಕ್ಕದ ಸೂಡಿ ಊರಿನ ಗಿರಾಕಿಗಳು ಬೆಚ್ಚಿದರು. ಆರಕ್ಕೆ ಇಪ್ಪತ್ತೇಳು. ಮಾಮಾಗೆ ಆಸೆ ಹತ್ತಿತು: "ಇನ್ನೊಂದ ದಿನ ಇರಲಿ ಬಿಡವಾ."

"ಇರಂಗಿಲ್ಲ. ಆರು ಅಂದ್ರ ಆರು" ಎಂದು ಬ್ಯಾನರ್ ತೆಗೆಸಿದೆ. ನಾಳೆ ಬಂದ ಆರ್ಡರಿನ ಸೀರೆ ತಡವಾದರೆ, ಮುಂದಿನ ಹಬ್ಬದಲ್ಲಿ ನನ್ನ ಮಾತನ್ನು ಯಾರು ನಂಬುತ್ತಾರೆ?

ಶನಿವಾರ ಪುಣೆಯವರ ಫೋನು ಬಂತು. "ನೀವ ಬರದಂಗನ ಬಂತ ನೋಡ್ರಿ" ಎಂದಷ್ಟೇ ಅಂದರು. ಆ ಹೊತ್ತಿಗೆ ನನ್ನಷ್ಟು ದೊಡ್ಡ ಬರಹಗಾರ್ತಿ ನರಗುಂದದಿಂದ ಗಜೇಂದ್ರಗಡದ ತನಕ ಯಾರೂ ಇಲ್ಲ ಎನಿಸಿತು, ಸುಳ್ಳೇಕೆ ಹೇಳಲಿ.

ಹೊರಗೆ ಬಂದರೆ ಮಾಮಾ ಬಾಗಿಲ ಬಳಿಯ ಹಲಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ವರ್ಷವರ್ಷವೂ ಅಲ್ಲಿ ಬರೆಯುತ್ತಿದ್ದ "ಪಂಚಮಿ ತನಕ" ಎಂಬುದನ್ನು ಒರೆಸಿ, ಸೀಮೆಸುಣ್ಣದಲ್ಲಿ "ಸೀರೆಗೊಂದು ಖಣ ಉಚಿತ. ರವಿವಾರ ರಾತ್ರಿ 8ರ ತನಕ" ಎಂದು ಬರೆದಿದ್ದರು.

ನನ್ನನ್ನು ಕಂಡು ಸುಣ್ಣದ ತುಂಡನ್ನು ಮುಂದೆ ಚಾಚಿದರು. "ತಪ್ಪೇನರ ಇದ್ರ ತಿದ್ದವಾ."